ನಾನು ಮೇ ತಿಂಗಳಲ್ಲಿ ಹುಟ್ಟಿಸಿದ ಮಗು

ಫೆಬ್ರವರಿಯ ಎರಡನೇ ಶನಿವಾರ ಜೈಲಿನ ಕಚೇರಿಯಲ್ಲಿ ನನ್ನ ಮುಂದೆ ಒಂದು ಕಡತ ಇಟ್ಟರು. ಅದರ ಮೂರನೇ ಹಾಳೆಯ ಕೆಳಗೆ ನನ್ನದೇ ಸಹಿ ಇತ್ತು.

ನಾನು ಬೈಂದೂರು ತಾಲೂಕಿನ ಒಂದು ಊರಿನ ಅಂಗನವಾಡಿ ಕಾರ್ಯಕರ್ತೆ. ಓದಿದ್ದು ಹತ್ತನೇ ತರಗತಿ. ಕೆಲವು ವರ್ಷಗಳ ಹಿಂದೆ ಕುಂದಾಪುರದ ಕಾನೂನು ಸೇವಾ ಸಮಿತಿಯವರು ನಮ್ಮಲ್ಲಿ ಕೆಲವರಿಗೆ ತರಬೇತಿ ಕೊಟ್ಟು ಸ್ವಯಂಸೇವಕರಾಗಿ ಸೇರಿಸಿಕೊಂಡಿದ್ದರು. ಅರ್ಜಿ ಬರೆದುಕೊಡುವುದು, ವಕೀಲರಿಗೂ ಬಡವರಿಗೂ ನಡುವೆ ಮಾತು ಮುಟ್ಟಿಸುವುದು ನಮ್ಮ ಕೆಲಸ. ಅದಕ್ಕೆ ನಾನು ಅಷ್ಟಾಗಿ ಹೋದವಳಲ್ಲ. ಹಿಂದಿನ ಜೂನ್‌ನಲ್ಲಿ ನನ್ನ ಯಜಮಾನರು ತೀರಿಕೊಂಡರು. ಬಸ್ ಓಡಿಸುತ್ತಿದ್ದವರು, ಬೆಳಿಗ್ಗೆ ಡ್ಯೂಟಿಗೆ ಹೊರಟವರು ಹೆಮ್ಮಾಡಿಯಲ್ಲಿ ಬಸ್ಸನ್ನು ಬದಿಗೆ ನಿಲ್ಲಿಸಿ ಸ್ಟೇರಿಂಗ್ ಮೇಲೆ ತಲೆಯಿಟ್ಟರಂತೆ. ಆಮೇಲೆ ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಶನಿವಾರ, ಭಾನುವಾರ ಕಳೆಯುವುದೇ ಕಷ್ಟವಾಯಿತು. ಏನಾದರೂ ಕೆಲಸ ಕೊಡಿ ಎಂದು ಸಮಿತಿಯವರನ್ನು ನಾನೇ ಕೇಳಿದೆ. ಜೈಲಿಗೆ ಹೋಗುತ್ತೀರಾ ಎಂದರು. ಹೂಂ ಎಂದೆ. ಯಾರನ್ನು ನೋಡಬೇಕು ಎಂದು ಹೇಳಿದ ಮೇಲೆ ಬೇಡವೆನ್ನಬೇಕು ಅನ್ನಿಸಿತು, ಆದರೆ ಅಷ್ಟರಲ್ಲಿ ಹೆಸರು ಬರೆದುಕೊಂಡಾಗಿತ್ತು.

ಅವಳು ನಮ್ಮೂರಿಗೆ ಮದುವೆಯಾಗಿ ಬಂದ ಹೆಂಗಸು. ತವರು ಗುಲ್ವಾಡಿ. ಗಂಡ ಮುಂಬೈಯ ಹೋಟೆಲ್ ಕೆಲಸ ಬಿಟ್ಟು ಊರಿಗೆ ಬಂದು ಕುಡಿಯತೊಡಗಿದ್ದ. ಒಂದು ದಿನ ಜಗಳದಲ್ಲಿ ಅವನ ತಲೆಗೆ ಪೆಟ್ಟಾಯಿತು, ಸತ್ತ. ಕೊಲೆ ಕೇಸು ಅವಳ ಮೇಲೆ. ಒಂದೂವರೆ ವರ್ಷದಿಂದ ಒಳಗಿದ್ದಳು, ಎರಡು ಸಲ ಜಾಮೀನು ತಿರಸ್ಕಾರವಾಗಿತ್ತು. ವಿಚಾರಣೆ ಕುಂದಾಪುರದಲ್ಲಿ ನಡೆಯುತ್ತಿತ್ತು. ಏನಾಯಿತು ಎಂಬುದನ್ನು ನಾನು ಅವಳನ್ನು ಕೇಳಲಿಲ್ಲ. ಕೇಳುವುದು ನ್ಯಾಯಾಲಯದ ಕೆಲಸ. ಗಂಡನನ್ನು ಕಳೆದುಕೊಂಡು ಎಂಟು ತಿಂಗಳಾದ ನಾನು ಅವಳ ಮುಖ ನೋಡಲು ಮೊದಲ ದಿನ ಕಷ್ಟಪಟ್ಟೆ ಎಂಬುದು ಮಾತ್ರ ನಿಜ.

ಅವಳ ಜೊತೆ ಮಗಳಿದ್ದಳು. ನನ್ನ ಅಂಗನವಾಡಿಯಲ್ಲಿ ಆರೇಳು ತಿಂಗಳು ಕೂತು ಉಪ್ಪಿಟ್ಟು ತಿಂದ ಹುಡುಗಿ.

ಜೈಲು ಬ್ರಹ್ಮಾವರ ದಾಟಿ ಹೋಗಬೇಕು. ನನಗೆ ಎರಡು ಬಸ್ಸು. ಹೆಂಗಸರ ವಿಭಾಗವೆಂದರೆ ಗಂಡಸರ ಜೈಲಿನ ಒಂದು ಮೂಲೆಗೆ ಗೋಡೆ ಕಟ್ಟಿ ಬೇರೆ ಮಾಡಿದ ಎರಡು ಕೋಣೆ, ಬಟ್ಟೆ ಒಣಗಿಸುವಷ್ಟು ಅಂಗಳ. ಆಗ ಆರು ಹೆಂಗಸರಿದ್ದರು, ಒಂದು ಮಗು. ದೊಡ್ಡ ಕೇಂದ್ರ ಕಾರಾಗೃಹಗಳಲ್ಲಿ ಮಕ್ಕಳಿಗೆ ಶಿಶುಪಾಲನಾ ಕೋಣೆ, ಆಟಿಕೆ, ಟೀಚರು ಇರುತ್ತಾರೆಂದು ತರಬೇತಿಯಲ್ಲಿ ಕೇಳಿದ್ದೆ. ಇಲ್ಲಿ ಒಂದೇ ಮಗುವಿಗೆ ಅದನ್ನೆಲ್ಲ ಯಾರು ಮಂಜೂರು ಮಾಡುತ್ತಾರೆ? ಹಾಲು, ಮೊಟ್ಟೆ ಬರುತ್ತಿತ್ತು. ವೈದ್ಯರು ವಾರಕ್ಕೊಮ್ಮೆ ಬರುತ್ತಿದ್ದರು. ಊಟಕ್ಕೆ ಕೊರತೆಯಿರಲಿಲ್ಲ. ಕೊರತೆ ಬೇರೆಯದು.

ನಾನು ತೂಕದ ಯಂತ್ರ, ಎತ್ತರ ಅಳೆಯುವ ಟೇಪು ತೆಗೆದುಕೊಂಡು ಹೋಗಿದ್ದೆ. ಅಭ್ಯಾಸ. ತೂಕ ಸರಿಯಾಗಿತ್ತು. ಚಿತ್ರದ ಪುಸ್ತಕ ತೆರೆದು ಹಸು ತೋರಿಸಿದೆ. ಸುಮ್ಮನಿದ್ದಳು. ನಾಯಿ ತೋರಿಸಿದೆ, ಸುಮ್ಮನಿದ್ದಳು. ಬೀಗ ತೋರಿಸಿದಾಗ ಹೆಸರು ಹೇಳಿದಳು. ಆಮೇಲೆ ಹೆಂಗಸರ ಚಪ್ಪಲಿಗಳನ್ನು ಸಾಲಾಗಿ ಇಟ್ಟು, ಸೊಂಟದ ಮೇಲೆ ಕೈಯಿಟ್ಟು ಎಣಿಸತೊಡಗಿದಳು.

"ಆಟ ಅಲ್ರೀ ಅದು, ಡ್ಯೂಟಿ," ಎಂದು ಮಹಿಳಾ ವಾರ್ಡರ್ ನಕ್ಕರು. ಅವರು ಬಾಗಲಕೋಟೆ ಕಡೆಯವರು. "ದಿನಾ ಸಂಜೀಕ ನಾ ಎಣಿಸೂದು ನೋಡ್ತಾಳಲ್ಲ. ಒಂದ್ ಚಪ್ಪಲ್ ಕಮ್ಮಿ ಬಿತ್ತಂದ್ರ ನನಗ ಜೋರ್ ಮಾಡ್ತಾಳ."

"ಯಾಕ್ರೀ ನಗ್ತೀರಿ? ಸುಮ್ನ ಕುಂದರ್ರಿ!" ಎಂದಳು ಹುಡುಗಿ.

ಬೈಂದೂರಿನ ಮಗು ಬಾಗಲಕೋಟೆಯ ಮಾತಾಡುವುದು ಕೇಳಿ ನಾನೂ ನಕ್ಕುಬಿಟ್ಟೆ. ಎಂಟು ತಿಂಗಳಲ್ಲಿ ಮೊದಲ ಸಲ ಇರಬೇಕು. ಅವಳ ತಾಯಿ ಮಾತ್ರ ನಗಲಿಲ್ಲ.

"ಟೀಚರೇ, ಇವ್ಳನ್ನ ಕರ್ಕಂಡ್ ಹೋತ್ರಂಬ್ರ್," ಎಂದಳು. "ಮೇ ತಿಂಗ್ಳಿಗೆ."

ಆಮೇಲೆಯೇ ನಾನು ಕಚೇರಿಗೆ ಹೋಗಿ ಕಡತ ಕೇಳಿದ್ದು.

ನಿಯಮ ಸರಳ. ತಾಯಿಯ ಜೊತೆ ಮಗು ಆರು ವರ್ಷ ತುಂಬುವವರೆಗೆ ಜೈಲಿನಲ್ಲಿ ಇರಬಹುದು. ಮಗು ಕೈದಿಯಲ್ಲ, ತಾಯಿಯ ಆರೈಕೆಗಾಗಿ ಇರುವುದು. ಆರು ತುಂಬಿದರೆ ತಾಯಿ ಒಪ್ಪುವ ಬಂಧುಗಳಿಗೆ ಒಪ್ಪಿಸಬೇಕು. ಅಂಥವರು ಇಲ್ಲದಿದ್ದರೆ ಬಾಲಮಂದಿರ. ನಿರ್ಧಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯದು. ಆರು ತುಂಬುವುದಕ್ಕೆ ಮೂರು ತಿಂಗಳು ಮೊದಲೇ ಜೈಲಿನ ಅಧೀಕ್ಷಕರು ಸಮಿತಿಗೆ ಬರೆದಿದ್ದರು. ಅವರದು ತಪ್ಪಿಲ್ಲ. ಕಡತದಲ್ಲಿ ಜನ್ಮದಿನಾಂಕ ಮೇ ಇಪ್ಪತ್ತು ಎಂದಿತ್ತು. ಆಧಾರ: ಅಂಗನವಾಡಿ ಕಾರ್ಯಕರ್ತೆಯ ದೃಢೀಕರಣ. ಅಂದರೆ ನಾನು.

ಆ ಹುಡುಗಿ ಹುಟ್ಟಿದ್ದು ಮೇ ತಿಂಗಳಲ್ಲಲ್ಲ. ಅದು ನನಗೆ ಗೊತ್ತಿತ್ತು.

ನಮ್ಮ ಕಡೆ ಇದೊಂದು ಹಳೆಯ ರೂಢಿ. ಜೂನ್ ಒಂದಕ್ಕೆ ವಯಸ್ಸು ತುಂಬದಿದ್ದರೆ ಒಂದನೇ ತರಗತಿಗೆ ಸೇರಿಸಿಕೊಳ್ಳುವುದಿಲ್ಲ, ಮಗು ಒಂದು ವರ್ಷ ಹಿಂದೆ ಬೀಳುತ್ತದೆ. ಹಾಗಾಗಿ ತಾಯಂದಿರು ಬಂದು, "ಟೀಚರೇ, ಮೇ ಅಂದೇಳಿ ಬರಿನಿ" ಎನ್ನುತ್ತಾರೆ. ಹಿಂದಿನ ಕಾಲದ ಮಾಸ್ತರುಗಳೂ ಹಾಗೇ ಬರೆದರು. ನಮ್ಮೂರಿನ ಹಳೆಯ ದಾಖಲೆ ನೋಡಿದರೆ ಅರ್ಧ ಊರು ಮೇ ತಿಂಗಳಲ್ಲಿ ಹುಟ್ಟಿದೆ. ನಾನೂ ಮೇ ತಿಂಗಳವಳೇ. ಹುಟ್ಟಿದ್ದು ಸೋಣೆ ತಿಂಗಳಲ್ಲಿ, ಅಂದರೆ ಆಗಸ್ಟ್ ಕೊನೆಗೆ, ಎಂದು ಅಮ್ಮ ಹೇಳುತ್ತಿದ್ದರು. ಈಗ ಆಸ್ಪತ್ರೆಯಲ್ಲೇ ಹೆರಿಗೆ, ಜನನ ಪತ್ರ ಇರುತ್ತದೆ, ಹಾಗೆ ಬರೆಯಲು ಬರುವುದಿಲ್ಲ. ಆದರೆ ಈ ಮಗು ಹುಟ್ಟಿದ್ದು ಮುಂಬೈಯಲ್ಲಿ, ಗಂಡ ಹೆಂಡತಿ ಇಬ್ಬರೂ ಅಲ್ಲಿದ್ದಾಗ. ಪತ್ರ ಅಲ್ಲೇ ಉಳಿದಿದೆ, ತರಿಸಿಕೊಡುತ್ತೇನೆ ಎಂದಿದ್ದಳು ತಾಯಿ. ಅವಳು ಕೇಳಿದಳು, ನಾನು ಬರೆದೆ. ಪತ್ರ ಬರಲೇ ಇಲ್ಲ. ಆಮೇಲೆ ಪೊಲೀಸರು ಮಗುವಿನ ವಯಸ್ಸಿನ ದಾಖಲೆ ಕೇಳಿದಾಗ ರಿಜಿಸ್ಟರಿನಲ್ಲಿ ಇದ್ದದ್ದನ್ನೇ ಇಳಿಸಿ, ಸಹಿ ಹಾಕಿ, ಮೊಹರು ಒತ್ತಿಕೊಟ್ಟೆ.

ಮುಂದಿನ ಭೇಟಿಯಲ್ಲಿ ಅವಳನ್ನು ಕೇಳಿದೆ. "ಹುಟ್ಟಿದ್ದ್ ಯಾವತ್ತ್ ಅಂದೇಳಿ ಪೊಲೀಸರಿಗೆ ನೀನ್ ಎಂತಕ್ಕ್ ಹೇಳ್ಲಿಲ್ಲೆ?"

"ಹ್ಯಾಂಗ್ ಹೇಳೂದ್? ಮಗಿನ್ ವಯಸ್ಸೇ ಸುಳ್ಳ್ ಹೇಳಿದ್ಳ್ ಇವ್ಳ್, ಇನ್ನ್ ಉಳ್ದದ್ದೆಲ್ಲ ಎಂತ ಸತ್ಯ ಹೇಳ್ತ್ಳ್ ಅಂದೇಳಿ ಕೋರ್ಟಲ್ಲಿ ಕೇಂತ್ರಲ್ಲ." ಮಗಳ ಲಂಗ ಸರಿಮಾಡುತ್ತ, "ನಿಮ್ಗೂ ತೊಂದ್ರಿ ಆತ್ತಲ್ದಾ," ಎಂದಳು.

"ನಂದ್ ಇರ್ಲಿ. ಹುಟ್ಟಿದ್ದ್ ಯಾವಾಗ?"

"ದೀಪಾವಳಿ ಕಳ್ದ್ ಮೇಲೆ. ಚಳಿ ಇತ್ತ್. ತಾರೀಕ್ ನೆನ್ಪಿಲ್ಲೆ."

ಹಾಗಾದರೆ ಕಡಿಮೆಯೆಂದರೆ ಆರು ತಿಂಗಳ ವ್ಯತ್ಯಾಸ. ಆರು ತಿಂಗಳಲ್ಲಿ ಏನಾಗುತ್ತದೆ ಎಂದು ಹೊರಗಿನವರು ಕೇಳಬಹುದು. ಅವಳಿಗೆ ಎಲ್ಲವೂ ಅದರಲ್ಲೇ ಇತ್ತು. ಗುಲ್ವಾಡಿಯಲ್ಲಿ ಅವಳ ತಂಗಿ ಇದ್ದಳು, ಮಗುವನ್ನು ಸಾಕಲು ತಯಾರಿದ್ದಳು. ಆದರೆ ಅವಳೇ ತುಂಬು ಬಸುರಿಯಾಗುತ್ತಿದ್ದಳು, ರಕ್ತದೊತ್ತಡ ಏರಿ ಡಾಕ್ಟರು ಮಲಗಿರಲು ಹೇಳಿದ್ದರು. ಹೆರಿಗೆ ಮೇ ಕೊನೆಗೆ. ಗಂಡ ಮುಂಬೈಯಲ್ಲಿ. ಮೇ ಇಪ್ಪತ್ತಕ್ಕೆ ಆ ಮನೆ ಇನ್ನೊಂದು ಮಗುವನ್ನು ತೆಗೆದುಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅತ್ತ ಸತ್ತವನ ಅಣ್ಣ, ಮಗು ನಮ್ಮ ರಕ್ತ, ನಮಗೆ ಕೊಡಿ ಎಂದು ಸಮಿತಿಗೆ ಅರ್ಜಿ ಹಾಕಿಯಾಗಿತ್ತು. ಕೊಟ್ಟರೆ ಮತ್ತೆ ತಾಯಿಯ ಮುಖ ತೋರಿಸುವುದಿಲ್ಲವೆಂದು ಊರಿನಲ್ಲಿ ಬಹಿರಂಗವಾಗಿಯೇ ಹೇಳುತ್ತಿದ್ದ. ಅವನಿಗೂ ಇಲ್ಲ, ತಂಗಿಗೂ ಇಲ್ಲ ಎಂದಾದರೆ ಬಾಲಮಂದಿರ.

ಕಾನೂನು ನೆರವಿನ ವಕೀಲರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವರು ವಿವರಿಸಿದರು: ವಯಸ್ಸು ತೀರ್ಮಾನಿಸಲು ಶಾಲೆಯ ದಾಖಲೆ ಅಥವಾ ಜನನ ಪ್ರಮಾಣ ಪತ್ರ ಬೇಕು. ಅವೆರಡೂ ಇಲ್ಲದಿದ್ದರೆ ವೈದ್ಯಕೀಯ ಪರೀಕ್ಷೆ, ಆದರೆ ಅದು ತಿಂಗಳ ಲೆಕ್ಕದಲ್ಲಿ ಹೇಳುವುದಿಲ್ಲ. ಅಂಗನವಾಡಿ ಶಾಲೆಯಲ್ಲ, ಆದರೂ ಕಡತದಲ್ಲಿ ಬೇರೆ ಏನೂ ಇಲ್ಲದಾಗ ಎಲ್ಲರ ಕಣ್ಣು ಅದರ ಮೇಲೇ ಬೀಳುತ್ತದೆ. "ಜನನ ಪತ್ರ ತನ್ನಿ ಅಕ್ಕಾ. ಅದು ಸಿಕ್ಕಿದ್ರೆ ಬೇರೆ ಮಾತೇ ಇಲ್ಲ."

ಮುಂಬೈಯಿಂದ ಒಂದು ಕಾಗದ ತರಿಸುವುದು ನಮ್ಮ ಕಡೆಯವರಿಗೆ ದೊಡ್ಡ ಮಾತಲ್ಲ. ಹೆಮ್ಮಾಡಿಯ ಒಬ್ಬರು ಅಲ್ಲಿ ಹೋಟೆಲ್ ನಡೆಸುತ್ತಾರೆ, ನಮ್ಮ ಯಜಮಾನರ ಬಸ್ಸಿನಲ್ಲಿ ಓಡಾಡಿದವರು. ಫೋನು ಮಾಡಿದೆ. ಅಧೀಕ್ಷಕರ ಎದುರು ತಾಯಿಯಿಂದ ಅಧಿಕಾರ ಪತ್ರಕ್ಕೆ ಸಹಿ ಹಾಕಿಸಿ, ಅವಳ ಆಧಾರ್ ಪ್ರತಿ ಜೊತೆಗಿಟ್ಟು ಕಳುಹಿಸಿದೆ. ಹತ್ತು ದಿನದ ಮೇಲೆ ಅವರು ಫೋನು ಮಾಡಿದರು.

"ಹ್ವಾಯ್ ಟೀಚರೇ, ಆ ಹೆರಿಗೆ ಆಸ್ಪತ್ರೆಯೇ ಇಲ್ಲೆ ಈಗ. ಮುಚ್ಚಿದ್ರ್. ಬುಕ್ಕೆಲ್ಲ ಬೇರೆ ಕಚೇರಿಗ್ ಹೋಯ್ತಂಬ್ರ್. ತಾರೀಕ್ ಇಲ್ದೆ ಹುಡ್ಕುಕ್ ಆತ್ತಿಲ್ಲೆ ಅಂತ್ರ್. ನಾನ್ ಬಿಡ್ತಿಲ್ಲೆ, ನಮ್ ಮ್ಯಾನೇಜರನ್ನ ದಿನಾ ಕಳ್ಸ್ತೆ. ಆದ್ರೆ ಟೈಮ್ ಬೇಕ್."

ಸಮಯವೇ ಇರಲಿಲ್ಲ. ಸಮಿತಿಯ ಬೈಠಕ್ ಏಪ್ರಿಲ್ ಮೊದಲ ವಾರ. ಅಂದೇ ಆದೇಶವಾಗುವ ಸಾಧ್ಯತೆ ಇತ್ತು. ವಕೀಲರನ್ನು ಕೇಳಿದೆ, ಪತ್ರವಿಲ್ಲದೆ ಅವಧಿ ಕೇಳಲು ಬೇರೆ ದಾರಿ ಇದೆಯೇ ಎಂದು. ಅವರು ಕಡತವನ್ನು ಮತ್ತೊಮ್ಮೆ ತಿರುವಿ ನೋಡಿದರು. ಕೊನೆಗೆ, ದಿನಾಂಕ ಬರೆದವರೇ ಅದು ದಾಖಲೆಯಿಲ್ಲದೆ ಬರೆದದ್ದೆಂದು ಲಿಖಿತವಾಗಿ ಕೊಟ್ಟರೆ ಸಮಿತಿ ವಿಚಾರಣೆ ಮಾಡಲೇಬೇಕಾಗುತ್ತದೆ ಎಂದರು. "ಆದ್ರೆ ನಾನು ನಿಮ್ಮನ್ನು ಹಾಗೆ ಮಾಡಿ ಅಂತ ಹೇಳುವುದಿಲ್ಲ," ಎಂದೂ ಸೇರಿಸಿದರು.

ನಮ್ಮ ಮೇಲ್ವಿಚಾರಕಿ ಸ್ಪಷ್ಟವಾಗಿಯೇ ಬೇಡವೆಂದರು. "ಹುಚ್ಚಾ ನಿಮಗೆ? ಬರ್ಕೊಟ್ರೆ ನೋಟಿಸ್ ಬರ್ತದೆ. ಆಮೇಲೆ ನಾನೂ ಉಳಿಸೂಕಾಗುದಿಲ್ಲ. ಎಲ್ಲ ಕಡೆ ಮೇ ಅಂತಲೇ ಬರೆದದ್ದು, ನೀವೊಬ್ರೇನಾ?" ಅವರು ಕೆಟ್ಟವರಲ್ಲ. ಯಜಮಾನರು ಹೋದ ಮೇಲೆ ನಮ್ಮ ಮನೆಗೆ ನನ್ನ ಗೌರವಧನವೊಂದೇ ಆಧಾರವೆಂದು ಅವರಿಗೆ ಗೊತ್ತಿತ್ತು.

ಅತ್ತೆಗೆ ಹೇಳಬಾರದೆಂದುಕೊಂಡಿದ್ದೆ. ಅವರೇ ಕೇಳಿದರು, ಎರಡು ದಿನದಿಂದ ಗಂಜಿ ಹಾಗೇ ಬಿಡುತ್ತಿದ್ದೀಯಲ್ಲ ಎಂದು. ಹೇಳಿದೆ. ಅವರು ಮಗನನ್ನು ಕಳೆದುಕೊಂಡವರು. ಅವರೂ ಆ ಸತ್ತವನ ಅಣ್ಣನ ಪಕ್ಷವೇ ಹಿಡಿಯಬಹುದೆಂದು ನನ್ನ ಮನಸ್ಸಿನಲ್ಲಿತ್ತು.

"ಅವ್ಳ್ ಗಂಡನ್ನ ಕೊಂದಿದ್ಳಾ?"

"ಗೊತ್ತಿಲ್ಲೆ ಅತ್ತೆ."

"ತಾರೀಕ್ ಬರ್ದದ್ದ್ ಯಾರ್?"

"ನಾನ್."

"ಹಾಂಗಾರೆ ಗೊತ್ತಿದ್ದದ್ದನ್ನ ಹೇಳ್. ಗೊತ್ತಿಲ್ದಿದ್ದದ್ದ್ ಜಡ್ಜಿಗೆ ಬಿಡ್." ಬಟ್ಟಲನ್ನು ನನ್ನ ಕಡೆ ತಳ್ಳಿದರು. "ಮೊದ್ಲ್ ಉಣ್."

ಮರುದಿನ ಅಂಗನವಾಡಿ ಮುಗಿಸಿ, ಮಕ್ಕಳು ಹೋದ ಮೇಲೆ ಬರೆದೆ. ಒಂದೂವರೆ ಪುಟ. ತಾಯಿ ಕೇಳಿದ್ದು ನಿಜ, ಅದನ್ನು ಬಿಡಲಿಲ್ಲ. ಆದರೆ ದಾಖಲೆಯಿಲ್ಲದೆ ದಿನಾಂಕ ಬರೆಯಬಾರದೆಂಬ ನಿಯಮ ತಿಳಿದಿದ್ದದ್ದು ನನಗೆ, ಅವಳಿಗಲ್ಲ. ಆ ದಿನಾಂಕವನ್ನೇ ಪೊಲೀಸರಿಗೆ ದೃಢೀಕರಿಸಿದ್ದೂ ನಾನೇ ಎಂದು ಬರೆದೆ. ವಕೀಲರು ಅದನ್ನು ಅಫಿಡವಿಟ್ ಆಗಿ ಟೈಪು ಮಾಡಿಸಿದರು. ಕುಂದಾಪುರದಲ್ಲಿ ನೋಟರಿ ಎದುರು ಸಹಿ ಹಾಕಿದೆ. ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಕೂತೆ, ಬೈಂದೂರಿನ ಎರಡು ಬಸ್ಸು ಹೋದ ಮೇಲೆ ಮೂರನೆಯದನ್ನು ಹತ್ತಿದೆ.

ಬೈಠಕ್‌ನ ದಿನ ಮಗುವನ್ನು ವಾರ್ಡರ್ ಅವರೇ ಕರೆತಂದರು. ಖಾಕಿ ಇಲ್ಲದೆ ಸೀರೆಯಲ್ಲಿ, ಕೈದಿಗಳ ವ್ಯಾನಿನಲ್ಲಲ್ಲದೆ ಬಾಡಿಗೆ ಕಾರಿನಲ್ಲಿ. ಹಾಗೇ ತರಬೇಕೆಂದು ನಿಯಮ. ಸಮಿತಿಯಲ್ಲಿ ಅಧ್ಯಕ್ಷೆ ಒಬ್ಬರು ಹಿರಿಯ ಹೆಂಗಸು, ಜೊತೆಗೆ ಸದಸ್ಯರು. ಗಂಡಸು ಸದಸ್ಯರೊಬ್ಬರು ಚಾಕೊಲೇಟು ಹಿಡಿದು ಕರೆದಾಗ ಹುಡುಗಿ ವಾರ್ಡರರ ಸೆರಗಿನ ಹಿಂದೆ ಸೇರಿಕೊಂಡಳು. ಒಂದೂವರೆ ವರ್ಷದಲ್ಲಿ ಅವಳು ಹತ್ತಿರದಿಂದ ನೋಡಿದ ಗಂಡಸು ವೈದ್ಯರೊಬ್ಬರೇ.

"ನಿಂಗೆ ಯಾರ ಜೊತೆ ಇರ್ಲಿಕ್ಕೆ ಇಷ್ಟ ಪುಟ್ಟಾ?" ಎಂದು ಅಧ್ಯಕ್ಷೆ ಕೇಳಿದರು.

"ನಾ ಹೇಳಂಗಿಲ್ರಿ," ಎಂದಿತು ಸೆರಗಿನ ಹಿಂದಿನ ದನಿ. ಒಂದು ಕ್ಷಣ ಎಲ್ಲರೂ ನಕ್ಕರು. ಎದುರಿಗೆ ಕೂತಿದ್ದ ಮಗುವಿನ ದೊಡ್ಡಪ್ಪ, ಅದೇ ಸತ್ತವನ ಅಣ್ಣ, ನಗಲಿಲ್ಲ.

ಅಧ್ಯಕ್ಷೆ ನನ್ನ ಹಾಳೆ ಎತ್ತಿಕೊಂಡು ನಿಧಾನ ಓದಿದರು. "ಇದು ನೀವೇ ಬರೆದದ್ದಾ?"

"ಹೌದು ಮೇಡಂ."

"ಇದರಿಂದ ನಿಮ್ಮ ಕೆಲಸಕ್ಕೆ ತೊಂದರೆ ಆಗಬಹುದು ಅಂತ ಗೊತ್ತುಂಟಾ?"

"ಗೊತ್ತಿದೆ ಮೇಡಂ."

ದೊಡ್ಡಪ್ಪ ಎದ್ದು ನಿಂತ. "ಕಂಡ್ರ್ಯಾ? ಗಂಡ ಸತ್ತವ್ಳೂ ಗಂಡನ್ನ ಕೊಂದವ್ಳೂ ಒಂದಾಯ್ರ್ ಈಗ!"

ಕೂತುಕೊಳ್ಳಿ ಎಂದು ಅಧ್ಯಕ್ಷೆ ಗದರಿದರು. ಆ ಮಾತು ಎದೆಗೆ ತಾಗಿತು, ಇಲ್ಲವೆನ್ನುವುದಿಲ್ಲ. ಆದರೆ ಅವನೂ ತಮ್ಮನನ್ನು ಕಳೆದುಕೊಂಡವನು. ದುಃಖ ಮನುಷ್ಯನಿಂದ ಎಂತೆಂಥ ಮಾತು ಆಡಿಸುತ್ತದೆ ಎಂದು ಆ ವರ್ಷ ನಾನೂ ಕಂಡಿದ್ದೆ. "ಮಗಿಗ್ ಎಷ್ಟ್ ವರ್ಷ ಅಂದೇಳಿ ಮಾತ್ರ ನಾನ್ ಹೇಳುಕ್ ಬಂದದ್ದ್," ಎಂದೆ ಕೊನೆಗೆ, ಅವನಿಗೆ.

ಸಮಿತಿ ನಾಲ್ಕು ವಾರ ಕೊಟ್ಟಿತು. ಅಷ್ಟರಲ್ಲಿ ಜನನ ಪತ್ರ ತರಬೇಕು. ಮಕ್ಕಳ ರಕ್ಷಣಾ ಘಟಕದವರು ದೊಡ್ಡಪ್ಪನ ಮನೆಗೂ ಗುಲ್ವಾಡಿಯ ಮನೆಗೂ ಹೋಗಿ ವರದಿ ಕೊಡಬೇಕು.

ಆ ನಾಲ್ಕು ವಾರ ನಾನು ಸುಮ್ಮನೆ ಕೂರಲಿಲ್ಲ. ಜೈಲಿನಲ್ಲಿ ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದೆ. ಒಂದೇ ಮಗುವಿಗೆ ಶಿಶುಪಾಲನಾ ಕೇಂದ್ರ ಮಾಡಲಾಗದಿದ್ದರೆ, ಬೆಳಿಗ್ಗೆ ಆ ಮಗುವನ್ನು ಹೊರಗಿನ ಅಂಗನವಾಡಿಗೆ ಕಳುಹಿಸಿ ಮಧ್ಯಾಹ್ನ ಕರೆತರಬಹುದು. ಅದಕ್ಕೆ ಕಟ್ಟಡ ಬೇಡ, ಜೊತೆಗೆ ಒಬ್ಬ ಹೆಂಗಸು ಸಾಕು. ಮಗು ಹೊರಗೆ ಹೋದ ಮೇಲೆ ತಾಯಿಯ ಭೇಟಿ ಜಾಲರಿಯ ಆಚೀಚೆ ನಿಂತಲ್ಲ, ಒಂದು ಕೋಣೆಯಲ್ಲಿ ಕೂತು, ವಾರಕ್ಕೊಮ್ಮೆ ಆಗಬೇಕು. ಒಪ್ಪಿಸುವ ಸಿದ್ಧತೆ ಮೂರು ತಿಂಗಳಲ್ಲ, ಒಂದು ವರ್ಷ ಮೊದಲೇ ಶುರುವಾಗಬೇಕು. ಸಾಕುವವರ ಮುಖ ಮಗುವಿಗೆ ಗುರುತಾಗಬೇಕು. ತಾಯಿ ಒಳಗೆ ಬಂದ ದಿನವೇ ಜನನ ಪತ್ರ ತರಿಸುವ ಕೆಲಸ ಯಾರಾದರೂ ಒಬ್ಬರ ಹೆಸರಿಗೆ ಬರೆಯಬೇಕು. ಹೆಂಗಸರ ಕೋಣೆಗೆ ಇನ್ನೊಂದು ಶೌಚಾಲಯ, ಮುಟ್ಟಿನ ಪ್ಯಾಡುಗಳನ್ನು ಗಂಡಸು ಸಿಬ್ಬಂದಿಯಲ್ಲಿ ಕೇಳುವ ಹಾಗಾಗದಂತೆ ವ್ಯವಸ್ಥೆ. ಜೈಲು ತಪಾಸಣೆಗೆ ಬಂದ ಕಾನೂನು ಸೇವಾ ಪ್ರಾಧಿಕಾರದ ನ್ಯಾಯಾಧೀಶರ ಕೈಗೆ ಅದನ್ನು ಕೊಟ್ಟೆ. ಅಲ್ಲೇ ನಿಂತು ಓದಿದರು. ಅಂಗನವಾಡಿಯ ವಿಷಯ ಮತ್ತು ಕೋಣೆಯ ಭೇಟಿ, ಈ ಎರಡನ್ನು ಅಧೀಕ್ಷಕರು ಅಂದೇ ಒಪ್ಪಿದರು. ಶೌಚಾಲಯ ಪ್ರಸ್ತಾವದಲ್ಲಿದೆ ಎಂಬ ಉತ್ತರ ಇವತ್ತಿಗೂ ಬರುತ್ತಿದೆ. ನಾನೂ ಕೇಳುತ್ತಲೇ ಇದ್ದೇನೆ.

ನಾಲ್ಕನೇ ವಾರ, ಗಡುವಿಗೆ ಎರಡು ದಿನ ಇರುವಾಗ ಮುಂಬೈಯ ಫೋನು ಬಂತು.

"ಸಿಕ್ತ್ ಮಾರಾಯ್ತಿ! ನಮ್ ಮ್ಯಾನೇಜರ್ ಆ ಕಚೇರಿಯವ್ರಿಗೆಲ್ಲ ಇಡ್ಲಿ ತಿನ್ಸಿ ತಿನ್ಸಿ ದೋಸ್ತಿ ಮಾಡ್ಕಂಡ. ಡಿಸೆಂಬರ್ ಹನ್ನೊಂದ್."

ಮಗುವಿನ ಹೆಸರಿನ ಜಾಗ ಖಾಲಿಯಿತ್ತು. ತಂದೆತಾಯಿಯ ಹೆಸರು, ಹೆಣ್ಣು ಮಗು, ದಿನಾಂಕ, ಆಸ್ಪತ್ರೆ ಎಲ್ಲ ಸರಿಯಿತ್ತು. ಸಾಕಾಯಿತು. ಮಗು ಡಿಸೆಂಬರ್ ಹನ್ನೊಂದರವರೆಗೆ ತಾಯಿಯ ಜೊತೆ ಇರಬಹುದು, ಆಮೇಲೆ ತಾಯಿಯ ಇಚ್ಛೆಯಂತೆ ಗುಲ್ವಾಡಿಯ ಚಿಕ್ಕಮ್ಮನಿಗೆ ಒಪ್ಪಿಸಬೇಕು, ವಾರಕ್ಕೊಮ್ಮೆ ತಾಯಿಯ ಭೇಟಿ ಮಾಡಿಸಬೇಕು, ದೊಡ್ಡಪ್ಪ ಬಯಸಿದರೆ ಗುಲ್ವಾಡಿಗೆ ಹೋಗಿ ಮಗುವನ್ನು ನೋಡಬಹುದು ಎಂದು ಆದೇಶವಾಯಿತು.

ನನಗೆ ಕಾರಣ ಕೇಳಿ ನೋಟಿಸ್ ಬಂತು. ಉತ್ತರಿಸಿದೆ. ಕೆಲಸ ಉಳಿಯಿತು, ಲಿಖಿತ ಎಚ್ಚರಿಕೆ ನನ್ನ ಕಡತದಲ್ಲಿ ಸೇರಿತು. ಅಲ್ಲಿ ಇರಬೇಕಾದದ್ದೇ ಅದು. ಕೊಲೆ ಕೇಸಿನಲ್ಲಿ ಸರ್ಕಾರಿ ವಕೀಲರು ವಯಸ್ಸಿನ ಮಾತು ಎತ್ತಬಹುದೆಂಬ ಅವಳ ಹೆದರಿಕೆ ಮಾತ್ರ ಹೋಗಿಲ್ಲ. ವಿಚಾರಣೆ ಇನ್ನೂ ನಡೆಯುತ್ತಿದೆ.

ಜೂನ್‌ನಿಂದ ಹುಡುಗಿ ದಿನಾ ಬೆಳಿಗ್ಗೆ ಗೃಹರಕ್ಷಕಿಯೊಬ್ಬಳ ಕೈಹಿಡಿದು ಜೈಲಿನ ಹತ್ತಿರದ ಅಂಗನವಾಡಿಗೆ ಹೋದಳು. ಮೊದಲ ವಾರ ಕೋಳಿ ಕಂಡು ಕಿರುಚಿದಳಂತೆ. ಮೂರನೇ ವಾರ ಅದನ್ನು ಅಟ್ಟಿಸಿಕೊಂಡು ಹೋದಳಂತೆ. ಚಿಕ್ಕಮ್ಮ ಹೆರಿಗೆ ಮುಗಿಸಿ, ಮೂರು ತಿಂಗಳ ಕೂಸನ್ನು ಎತ್ತಿಕೊಂಡೇ ಜೈಲಿನ ಭೇಟಿಗೆ ಬರತೊಡಗಿದಳು. ಪ್ರತಿ ಸಲ ಹುಡುಗಿ ಆ ಕೂಸನ್ನು ಮುಟ್ಟಿ ನೋಡಿ, "ಇದು ಎಷ್ಟನೇ ನಂಬರ್ರಿ?" ಎಂದು ವಾರ್ಡರನ್ನು ಕೇಳುತ್ತಿದ್ದಳು.

"ಇದಕ್ಕ ನಂಬರ್ ಇಲ್ಲವ್ವಾ, ತಂಗಿ ಇದು ನಿನಗ," ಎನ್ನುತ್ತಿದ್ದರು ಅವರು.

ಡಿಸೆಂಬರ್ ಹನ್ನೊಂದರಂದು ತಾಯಿ ಮಗಳ ತಲೆ ಬಾಚಿ ಎರಡು ಜಡೆ ಹಾಕಿದಳು. ಬಾಚಿದ್ದನ್ನೇ ಬಿಚ್ಚಿ ಮತ್ತೊಮ್ಮೆ ಬಾಚಿದಳು. ಯಾರೂ ಅವಸರ ಮಾಡಲಿಲ್ಲ. ಕಾಗದಗಳಿಗೆ ಸಹಿಯಾದ ಮೇಲೆ ವಾರ್ಡರ್ ಗೋಡೆಯ ಕಡೆ ತಿರುಗಿ ನಿಂತರು. ತಾಯಿ ಗೇಟಿನವರೆಗೆ ಬಂದಳು, ಅಲ್ಲಿಂದ ಮುಂದೆ ಬರುವಂತಿಲ್ಲ.

"ಶನಿವಾರ ಬತ್ತ್ಯಲ್ದಾ?" ಎಂದಳು.

"ಬತ್ತೆ," ಎಂದಳು ಮಗಳು. ಗುಲ್ವಾಡಿಯ ಮಾತು ಚಿಕ್ಕಮ್ಮನಿಂದ ಆಗಲೇ ಸ್ವಲ್ಪ ಬಂದಿತ್ತು.

ಆ ಶನಿವಾರ ನಾನೇ ಅವರನ್ನು ಕರೆದುಕೊಂಡು ಹೋದೆ. ಅಧೀಕ್ಷಕರ ಪಕ್ಕದ ಕೋಣೆ, ಒಂದು ಬೆಂಚು, ನಡುವೆ ಜಾಲರಿ ಇಲ್ಲ. ತಾಯಿ ಮಗಳ ಕೈ ಕಾಲು ಎಲ್ಲ ಸವರಿ ನೋಡಿದಳು. ಊಟ ಸರಿ ಮಾಡ್ತ್ಯಾ, ಅಳ್ತ್ಯಾ ಎಂದು ಕೇಳಿದಳು. ಹುಡುಗಿಗೆ ಅದಕ್ಕೆಲ್ಲ ಉತ್ತರ ಹೇಳುವ ಪುರುಸೊತ್ತಿರಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಅದುಮಿಟ್ಟುಕೊಂಡು ಬಂದ ಸುದ್ದಿಯೊಂದಿತ್ತು. ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಅಮ್ಮಾ, ಅಲ್ಲಿ ಬಾಗ್ಲಿಗೆ ಚಿಲ್ಕ ಒಳ್ಗ್ ಇತ್ತ್. ನಂಗೇ ತೆಗುಕ್ ಆತ್ತ್."